ಅರ್ಧ ಗಂಟೆ ನೋಡಿ, ಪಾಜ್ ಒತ್ತಿ, ಒಂದು ಪ್ರಶ್ನೆ ಕೇಳಿ

ಶುರು ಮಾಡಿದ ಸಿನಿಮಾವನ್ನು ಮುಗಿಸದೆ ಏಳುವ ಅಭ್ಯಾಸ ನನಗೆ ಇರಲಿಲ್ಲ. ಅದು ಬದಲಾಗಿದ್ದು ಎಂಟು ಎಪಿಸೋಡಿನ ಒಂದು ಕೊಲೆ ತನಿಖೆಯ ಸರಣಿಯಿಂದ. ಎರಡನೇ ಎಪಿಸೋಡಿಗೇ ಬೇಸರ ಬಂದಿತ್ತು. ಆದರೂ ‘ಇಷ್ಟು ನೋಡಿದ್ದೀನಲ್ಲ’ ಅಂತ ನಾಲ್ಕು ರಾತ್ರಿ ಕೂತೆ. ಕೊಲೆಗಾರ ಯಾರು ಅಂತ ಕೊನೆಗೆ ಗೊತ್ತಾಯಿತು. ಆದರೆ ಸತ್ತವಳ ಹೆಸರೇ ನನಗೆ ನೆನಪಿರಲಿಲ್ಲ! ಆರು ಗಂಟೆ ನೋಡಿದ ಮೇಲೂ ಅವಳು ನನಗೆ ಯಾರೂ ಆಗಿರಲಿಲ್ಲ.

ಆಮೇಲೆ ಒಂದು ಗಡುವು ಹಾಕಿಕೊಂಡೆ. ಒಟ್ಟು ಸಮಯದ ಕಾಲು ಭಾಗ. ಎರಡು ಗಂಟೆಯ ಸಿನಿಮಾಕ್ಕೆ ಅದು ಅರ್ಧ ಗಂಟೆ. ಈ ಲೆಕ್ಕಕ್ಕೆ ಕಾರಣ ಇದೆ. ಸಿಡ್ ಫೀಲ್ಡ್ ಅವರಂಥ ಚಿತ್ರಕಥೆಯ ಮೇಷ್ಟ್ರುಗಳು ಕಥೆಯ ಮೊದಲ ದೊಡ್ಡ ತಿರುವನ್ನು ಹೆಚ್ಚುಕಡಿಮೆ ಅಲ್ಲೇ ಇಡಲು ಹೇಳುತ್ತಾರೆ. ಅಷ್ಟು ಹೊತ್ತಿಗೆ ಯಾರ ಕಥೆ, ಅವರಿಗೆ ಏನು ಬೇಕು, ಏನು ಅಡ್ಡ ಬಂತು ಅನ್ನುವುದು ಕಾಣಿಸಿರಬೇಕು. ಹತ್ತು ನಿಮಿಷಕ್ಕೇ ಎದ್ದರೆ ಸಿನಿಮಾಕ್ಕೆ ಅನ್ಯಾಯ. ಎರಡೂವರೆ ಗಂಟೆಯದ್ದಾದರೆ ನಲವತ್ತು ನಿಮಿಷ ಕೊಡುತ್ತೇನೆ. 45 ನಿಮಿಷದ ಎಂಟು ಎಪಿಸೋಡ್ ಇದ್ದರೆ ಎರಡು ಎಪಿಸೋಡ್. ಮೊದಲ ಎಪಿಸೋಡ್ ಒಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ, ಅದರ ಅರ್ಧ ಹೊತ್ತು ಜನರನ್ನು ಪರಿಚಯ ಮಾಡುವುದರಲ್ಲೇ ಹೋಗಿರುತ್ತದೆ.

ಗಡುವು ಬಂದಾಗ ಪಾಜ್ ಒತ್ತುತ್ತೇನೆ. ‘ಚೆನ್ನಾಗಿದೆಯಾ?’ ಅಂತ ಕೇಳಿಕೊಳ್ಳುವುದಿಲ್ಲ. ಅದಕ್ಕೆ ಉತ್ತರ ಯಾವಾಗಲೂ ‘ಪರವಾಗಿಲ್ಲ’ ಅಂತಲೇ ಬರುತ್ತದೆ. ಬದಲಿಗೆ, ಮುಂದೆ ಏನಾಗುತ್ತದೆ ಅಂತ ತಿಳಿಯಬೇಕು ಅನ್ನಿಸುವ ಒಂದು ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಕೇಳಿಕೊಳ್ಳುತ್ತೇನೆ: ಇದರ ಉತ್ತರವನ್ನು ಯಾರಾದರೂ ಈಗಲೇ ಬಾಯಲ್ಲಿ ಹೇಳಿಬಿಟ್ಟರೆ ನನಗೆ ಸಾಕಾ?

ಇತ್ತೀಚೆಗೆ 112 ನಿಮಿಷದ ಒಂದು ಸಿನಿಮಾ ಹಾಕಿದ್ದೆ. ಅಣ್ಣ ತಂಗಿ ಇಬ್ಬರು ಅಪ್ಪನ ಮನೆ ಮಾರಲು ಬಂದಿರುತ್ತಾರೆ. ನಟನೆ ಒಳ್ಳೆಯದಿತ್ತು, ಬೆಳಕು ಚೆಂದ ಇತ್ತು. 28ನೇ ನಿಮಿಷಕ್ಕೆ ನಿಲ್ಲಿಸಿದೆ. ನನ್ನ ಸಾಲು ‘ಮನೆ ಮಾರುತ್ತಾರಾ?’ ಅಂತ ಇತ್ತು. ಯಾರಾದರೂ ‘ಮಾರಲ್ಲ’ ಅಂದಿದ್ದರೆ ‘ಸರಿ’ ಅಂತ ಎದ್ದುಬಿಡುತ್ತಿದ್ದೆ. ಹಾಗಾಗಿ ಬಿಟ್ಟೆ. ಅದರ ಬದಲು, ತಂಗಿ ಅಣ್ಣನಿಂದ ಒಂದು ವಿಷಯ ಮುಚ್ಚಿಟ್ಟಿದ್ದು, ಅವನ ಮುಖ ನೋಡಿಕೊಂಡು ಅದನ್ನು ಹೇಗೆ ಹೇಳುತ್ತಾಳೆ ಅಂತ ನನಗೆ ಅನ್ನಿಸಿದ್ದರೆ ಮುಂದುವರಿಸುತ್ತಿದ್ದೆ. ಅದನ್ನು ಬೇರೆಯವರ ಬಾಯಲ್ಲಿ ಕೇಳಿ ಏನು ಉಪಯೋಗ? ಕಣ್ಣಾರೆ ನೋಡಬೇಕು ಅಲ್ವಾ.

ಸರಣಿಗಳಲ್ಲಿ ಒಂದು ಮೋಸ ಇರುತ್ತದೆ. ಮೊದಲ ದೃಶ್ಯದಲ್ಲೇ ರಕ್ತ, ಓಟ, ಕಿರುಚಾಟ. ತಕ್ಷಣ ‘ಮೂರು ತಿಂಗಳ ಹಿಂದೆ’ ಅಂತ ಬರುತ್ತದೆ. ಆ ಒಂದು ಕುತೂಹಲದ ಮೇಲೆ ಎರಡು ಎಪಿಸೋಡ್ ಎಳೆದುಬಿಡುತ್ತಾರೆ. ಅದಕ್ಕೇ ಆ ಮೊದಲ ದೃಶ್ಯದಿಂದ ಹುಟ್ಟಿದ ಪ್ರಶ್ನೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಾದ ಮೇಲೆ ಹೊಸದೇನಾದರೂ ಹುಟ್ಟಿರಬೇಕು. ನನ್ನ ಆ ಆರು ಗಂಟೆ ಹೋಗಿದ್ದು ಹೀಗೇ.

ನಿಧಾನದ ಸಿನಿಮಾಗಳಲ್ಲಿ ಈ ಪರೀಕ್ಷೆ ಎಡವಬಹುದು. ಶಾಂತಾಲ್ ಅಕರ್ಮನ್ ಅವರ 1975ರ ‘ಜಾನ್ ಡೀಲ್ಮನ್’ ಮೂರು ಗಂಟೆಗಿಂತ ಜಾಸ್ತಿ ಉದ್ದ ಇದೆ. ಒಬ್ಬ ಹೆಂಗಸಿನ ಮೂರು ದಿನದ ಮನೆಗೆಲಸ ಅದು. ಮೊದಲ ದಿನ ಎಲ್ಲ ಅಚ್ಚುಕಟ್ಟು. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಮೊದಲ ದಿನವನ್ನು ಪೂರ್ತಿ ನೋಡದವರಿಗೆ ಆ ಆಲೂಗಡ್ಡೆ ಎಂಥ ದೊಡ್ಡ ಘಟನೆ ಅಂತ ತಿಳಿಯುವುದೇ ಇಲ್ಲ. ಇಂಥ ಕಡೆ ಗಡುವು ಬಂದರೂ ನನ್ನ ಹತ್ತಿರ ಪ್ರಶ್ನೆ ಇರುವುದಿಲ್ಲ. ಆಗ ಬೇರೆ ಒಂದನ್ನು ನೋಡಿಕೊಳ್ಳುತ್ತೇನೆ: ಕಣ್ಣು ಪರದೆಯ ಮೇಲೆ ತಾನಾಗಿ ನಿಂತಿತ್ತಾ? ಇನ್ನೆಷ್ಟು ನಿಮಿಷ ಉಳಿದಿದೆ ಅಂತ ಕೆಳಗಿನ ಗೆರೆಯನ್ನು ಮತ್ತೆ ಮತ್ತೆ ನೋಡಿದ್ದೆನಾ? ನೋಡಿರದಿದ್ದರೆ ಇನ್ನೊಂದು ಅರ್ಧ ಗಂಟೆ ಕೊಡುತ್ತೇನೆ.

ತಪ್ಪು ಎಷ್ಟೋ ಸಲ ನನ್ನದೇ ಆಗಿರುತ್ತದೆ. ಫೋನ್ ಕೈಯಲ್ಲಿ ಹಿಡಿದು ನೋಡಿದ ನಿಮಿಷಗಳನ್ನು ಈಗ ಗಡುವಿಗೆ ಸೇರಿಸುವುದಿಲ್ಲ. ಸುಸ್ತಾದ ರಾತ್ರಿ ಬಿಟ್ಟಿದ್ದನ್ನು ಬೇರೆ ದಿನ, ಹಗಲಲ್ಲಿ, ನಿಲ್ಲಿಸಿದ ಜಾಗದಿಂದ ಹತ್ತು ನಿಮಿಷ ಹಿಂದಕ್ಕೆ ಹೋಗಿ ಒಮ್ಮೆ ಹಾಕಿ ನೋಡುತ್ತೇನೆ. ಒಬ್ಬ ಅಪ್ಪ ಮತ್ತು ಅವನ ಜೊತೆ ಮಾತು ನಿಲ್ಲಿಸಿದ ಮಗನ ಒಂದು ಸಿನಿಮಾ ಹೀಗೇ ಉಳಿಯಿತು. ರಾತ್ರಿ ಅದು ಬರೀ ಮೌನ ಅನ್ನಿಸಿತ್ತು. ಭಾನುವಾರ ಮಧ್ಯಾಹ್ನ ನೋಡಿದಾಗ ಆ ಹತ್ತು ನಿಮಿಷದಲ್ಲೇ ಮಗ ಎರಡು ಸಲ ಬಾಗಿಲ ತನಕ ಬಂದು ವಾಪಸ್ ಹೋಗಿದ್ದು ಕಾಣಿಸಿತು. ಮೂರನೇ ಸಲ ಬಾಗಿಲು ತಟ್ಟುತ್ತಾನಾ ಅಂತ ನೋಡಲು ಕೂತವನು ಕೊನೆಯವರೆಗೂ ಏಳಲಿಲ್ಲ.