ಹದಿನೈದು ಕೆಲಸದ ದಿನ ಮುಗಿಯುವುದು ಯಾವತ್ತು? ಎರಡನೇ, ನಾಲ್ಕನೇ ಶನಿವಾರ ತಪ್ಪದಂತೆ ಎಣಿಸುವ ಬಗೆ

ಕಳೆದ ವರ್ಷ, ಅಂದರೆ 2025ರ ಅಕ್ಟೋಬರ್ 11ರ ಬೆಳಿಗ್ಗೆ, ಕುಷ್ಟಗಿ ಕಡೆಯ ಹಳ್ಳಿಯೊಂದರ ರೈತರೊಬ್ಬರು ಕೊಪ್ಪಳದ ಕಚೇರಿಯೊಂದರ ಮುಂದೆ ಕುಳಿತಿದ್ದರು. ಬಾಗಿಲಿಗೆ ಬೀಗ ಬಿದ್ದಿತ್ತು. ಸೆಪ್ಟೆಂಬರ್ 26ರಂದು ಕೊಟ್ಟ ಅರ್ಜಿಯ ಸ್ವೀಕೃತಿ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು. ಅದರಲ್ಲಿ ‘15 ಕೆಲಸದ ದಿನ’ ಎಂದು ಬರೆದಿತ್ತು. ಅವರು ಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಹದಿನೈದು ಮನೆ ಎಣಿಸಿಕೊಂಡು ಬಂದಿದ್ದರು. ‘ಇವತ್ತಿಗೆ ಹದಿನೈದು ಆಯಿತಲ್ಲ ಸರ್’ ಎಂದರು. ಆಗಿತ್ತು ನಿಜ, ಆದರೆ ಅವು ಬರೀ ದಿನಗಳು. ಕೆಲಸದ ದಿನಗಳು ಅಂದಿಗೆ ಎಂಟೇ ಆಗಿದ್ದವು. ಒಂದು ದಿನದ ಕೆಲಸ, ಹೋಗಿ ಬರುವ ಬಸ್ ಚಾರ್ಜು ಎರಡೂ ಹೋದವು. ಆ ಚೀಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಸರಿಯಾಗಿ ಎಣಿಸೋಣ.

ಮೊದಲು ಕೈಯಲ್ಲೇ ಎಣಿಸಿ ನೋಡಿ. ಅರ್ಜಿ ಕೊಟ್ಟ ದಿನವನ್ನು ಬಿಟ್ಟು ಮರುದಿನದಿಂದ ಎಣಿಕೆ ಶುರುವಾಗಬೇಕು. ಸೆಪ್ಟೆಂಬರ್ 27 ನಾಲ್ಕನೇ ಶನಿವಾರ, 28 ಭಾನುವಾರ, ಎರಡೂ ಲೆಕ್ಕಕ್ಕಿಲ್ಲ. 29 ಮತ್ತು 30 ಸೇರಿ ಎರಡು ದಿನ. ಅಕ್ಟೋಬರ್ 1 ಆಯುಧಪೂಜೆ, 2 ಗಾಂಧಿ ಜಯಂತಿ ಮತ್ತು ವಿಜಯದಶಮಿ, ಎರಡೂ ರಜೆ. ಶುಕ್ರವಾರ 3ನೇ ತಾರೀಖು ಮೂರನೆಯ ದಿನ. 4ನೇ ತಾರೀಖು ಶನಿವಾರ, ಆದರೆ ತಿಂಗಳ ಮೊದಲ ಶನಿವಾರ. ಕಚೇರಿ ತೆರೆದಿರುತ್ತದೆ, ಹಾಗಾಗಿ ಅದು ನಾಲ್ಕನೆಯ ದಿನ. 6 ಐದನೆಯದು. 7 ವಾಲ್ಮೀಕಿ ಜಯಂತಿ. 8, 9, 10 ಸೇರಿದರೆ ಎಂಟು. 11 ಎರಡನೇ ಶನಿವಾರ, 12 ಭಾನುವಾರ. 13ರಿಂದ 18ರವರೆಗೆ ಶನಿವಾರವೂ ಸೇರಿ ಆರು ದಿನ, ಒಟ್ಟು ಹದಿನಾಲ್ಕು. 19 ಭಾನುವಾರ, 20 ನರಕ ಚತುರ್ದಶಿ. ಹದಿನೈದನೆಯ ದಿನ ಅಕ್ಟೋಬರ್ 21, ಮಂಗಳವಾರ.

ಒಂದು ಚೀಟಿಗೆ ಇಷ್ಟು ಸಾಕು. ದಿನಕ್ಕೆ ಹತ್ತು ಚೀಟಿ ನೋಡುವವರು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ಗೆ ಈ ಕೆಲಸ ಒಪ್ಪಿಸುವುದು ಒಳ್ಳೆಯದು. B1 ಕೋಶದಲ್ಲಿ ಅರ್ಜಿ ಕೊಟ್ಟ ತಾರೀಖು, B2ರಲ್ಲಿ 15 ಎಂದು ಬರೆಯಿರಿ. E ಕಾಲಂನಲ್ಲಿ E2ರಿಂದ ಕೆಳಕ್ಕೆ ರಜೆಗಳ ತಾರೀಖುಗಳನ್ನು ಒಂದೊಂದಾಗಿ ಬರೆಯಿರಿ. B3ರಲ್ಲಿ ಈ ಸೂತ್ರ ಹಾಕಿ:

```
=WORKDAY.INTL(B1,B2,11,E2:E100)
```

ಉತ್ತರ ಬೇರೇನೋ ಸಂಖ್ಯೆಯಾಗಿ ಕಂಡರೆ ಆ ಕೋಶವನ್ನು ತಾರೀಖಿನ ರೂಪಕ್ಕೆ ಬದಲಿಸಿ. ಈ ಸೂತ್ರವೂ ಅರ್ಜಿ ಕೊಟ್ಟ ದಿನವನ್ನು ಬಿಟ್ಟೇ ಎಣಿಸುತ್ತದೆ. E ಕಾಲಂನಲ್ಲಿ ಕೆಳಗಿನ ಕೋಶಗಳು ಖಾಲಿ ಉಳಿದರೆ ತೊಂದರೆಯಿಲ್ಲ.

ನಡುವಿನ 11 ಎಂಬ ಅಂಕಿಯೇ ನಮ್ಮವರು ಹೆಚ್ಚು ಎಡವುವ ಜಾಗ. ಅದರ ಅರ್ಥ ‘ವಾರದ ರಜೆ ಭಾನುವಾರ ಮಾತ್ರ’ ಎಂದು. ಹಲವರು ಬಳಸುವ ಸಾದಾ WORKDAY ಸೂತ್ರ ಎಲ್ಲ ಶನಿವಾರಗಳನ್ನೂ ರಜೆ ಎಂದೇ ತಿಳಿಯುತ್ತದೆ. ನಮ್ಮ ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಮೇಲಿನ ಚೀಟಿಗೆ ಸಾದಾ ಸೂತ್ರ ಹಾಕಿದರೆ ಅಕ್ಟೋಬರ್ 4 ಮತ್ತು 18 ಬಿಟ್ಟುಹೋಗಿ, ಉತ್ತರ 24ನೇ ತಾರೀಖು ಎಂದು ಬರುತ್ತದೆ. ಕಚೇರಿಗೆ ಮೂರು ದಿನ ಪುಕ್ಕಟೆ ಸಿಕ್ಕಂತಾಯಿತು. ಇನ್ನು 11 ಹಾಕಿ ಎರಡನೇ, ನಾಲ್ಕನೇ ಶನಿವಾರಗಳನ್ನು ಪಟ್ಟಿಗೆ ಸೇರಿಸದಿದ್ದರೆ 17 ಎಂದು ಬರುತ್ತದೆ. ಗಡುವಿಗೆ ಮೊದಲೇ ಹೋಗಿ ವಾಪಸ್ ಬರಬೇಕು. ಆದ್ದರಿಂದ ಆ ಶನಿವಾರಗಳನ್ನು ಹಬ್ಬಗಳಂತೆಯೇ E ಪಟ್ಟಿಯಲ್ಲಿ ಬರೆಯಲೇಬೇಕು.

ವರ್ಷದ ಇಪ್ಪತ್ನಾಲ್ಕು ಶನಿವಾರಗಳನ್ನು ಹುಡುಕುವುದು ಬೇಸರದ ಕೆಲಸ. ಬೇರೆ ಜಾಗದಲ್ಲಿ, G2ರಿಂದ ಕೆಳಕ್ಕೆ ಪ್ರತಿ ತಿಂಗಳ ಒಂದನೇ ತಾರೀಖು ಬರೆದು, ಪಕ್ಕದ ಎರಡು ಕೋಶಗಳಲ್ಲಿ ಇವನ್ನು ಹಾಕಿ:

```
=G2+14-WEEKDAY(G2)
=G2+28-WEEKDAY(G2)
```

ಮೊದಲನೆಯದು ಎರಡನೇ ಶನಿವಾರ, ಎರಡನೆಯದು ನಾಲ್ಕನೇ ಶನಿವಾರ. ಬಂದ ತಾರೀಖುಗಳನ್ನು E ಪಟ್ಟಿಗೆ ಒಯ್ಯುವಾಗ ಸೂತ್ರವನ್ನು ಬಿಟ್ಟು ಬರೀ ಮೌಲ್ಯವನ್ನು ಅಂಟಿಸಿ. ‘ನಾಲ್ಕನೇ ಶನಿವಾರ’ವನ್ನು ‘ಕೊನೆಯ ಶನಿವಾರ’ ಎಂದು ಓದಬೇಡಿ. 2025ರ ನವೆಂಬರ್‌ನಲ್ಲಿ ಐದು ಶನಿವಾರಗಳಿದ್ದವು. ರಜೆ ಇದ್ದದ್ದು 22ಕ್ಕೆ, 29ಕ್ಕಲ್ಲ. ಅದೇ ತಿಂಗಳ 8ರಂದು ಕನಕದಾಸ ಜಯಂತಿಯೂ ಎರಡನೇ ಶನಿವಾರವೂ ಒಟ್ಟಿಗೆ ಬಂದವು. ಹಾಗೆ ಒಂದೇ ತಾರೀಖು ಪಟ್ಟಿಯಲ್ಲಿ ಎರಡು ಸಲ ಬಂದರೂ ಸೂತ್ರ ಅದನ್ನು ಒಮ್ಮೆ ಮಾತ್ರ ಬಿಡುತ್ತದೆ.

ರಜೆಗಳನ್ನು ಸರ್ಕಾರ ಹೊರಡಿಸುವ ಸಾರ್ವತ್ರಿಕ ರಜಾ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಊರಲ್ಲಿ ಜಾತ್ರೆ ಇದೆ, ಅಂಗಡಿ ಮುಚ್ಚಿವೆ ಎಂದ ಮಾತ್ರಕ್ಕೆ ಕಚೇರಿಗೆ ರಜೆ ಎಂದು ಬರೆದುಕೊಳ್ಳಬಾರದು. ಸ್ಥಳೀಯ ರಜೆ ಘೋಷಣೆಯಾದರೆ ಅದು ಆದೇಶದಲ್ಲಿ ಹೇಳಿದ ಜಾಗಕ್ಕೆ ಮಾತ್ರ; ಕೊಪ್ಪಳದ ಸ್ಥಳೀಯ ರಜೆಯನ್ನು ರಾಯಚೂರಿನ ಅರ್ಜಿಯ ಲೆಕ್ಕಕ್ಕೆ ಸೇರಿಸಿದರೆ ಗಡುವು ಒಂದು ದಿನ ಸುಮ್ಮನೆ ಮುಂದೆ ಹೋಗುತ್ತದೆ. ಬ್ಯಾಂಕುಗಳಿಗೂ ಎರಡನೇ, ನಾಲ್ಕನೇ ಶನಿವಾರ ರಜೆ ಇದ್ದರೂ ಅವುಗಳ ಹಬ್ಬದ ಪಟ್ಟಿ ಬೇರೆ. ಅದಕ್ಕೆ ಬೇರೆ ಕಾಲಂ ಇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಲೆಕ್ಕ ಸದ್ದಿಲ್ಲದೆ ಕೆಡುವುದು ತಾರೀಖು ಬರೆಯುವ ರೀತಿಯಿಂದ. ನೀವು 7/10/2025 ಎಂದು ಬರೆದಾಗ, ಕಂಪ್ಯೂಟರಿನಲ್ಲಿ ಅಮೆರಿಕದ ಪದ್ಧತಿ ಇದ್ದರೆ ಅದು ಜುಲೈ 10 ಎಂದು ಓದಿಕೊಳ್ಳುತ್ತದೆ. ತಪ್ಪಾಗಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಪಟ್ಟಿಯ ಈ ಒಂದು ಸಾಲು ಹೀಗಾದರೂ ಸಾಕು, ವಾಲ್ಮೀಕಿ ಜಯಂತಿ ಕೆಲಸದ ದಿನವಾಗಿ, ಗಡುವು 21ರಿಂದ 18ಕ್ಕೆ ಜಾರುತ್ತದೆ. ಅದಕ್ಕೆ ನಾನು 7-Oct-2025 ಎಂದೇ ಬರೆಯುತ್ತೇನೆ. ಜೊತೆಗೆ ಪಕ್ಕದ F ಕಾಲಂನಲ್ಲಿ ವಾರದ ಹೆಸರು ಬರುವಂತೆ ಮಾಡಿಕೊಳ್ಳುತ್ತೇನೆ:

```
=TEXT(E2,"ddd")
```

ಸರ್ಕಾರದ ಪಟ್ಟಿಯಲ್ಲಿ ತಾರೀಖಿನ ಜೊತೆ ವಾರವೂ ಇರುತ್ತದೆ. ಅಲ್ಲಿ ಮಂಗಳವಾರ ಎಂದಿದ್ದು ನಿಮ್ಮ ಹಾಳೆಯಲ್ಲಿ ಗುರುವಾರ ಎಂದು ಬಂದರೆ, ಜುಲೈ ಒಳಗೆ ನುಸುಳಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಪಟ್ಟಿ ಬರೆದ ಮೇಲೆ ಐದು ನಿಮಿಷ ಈ ಎರಡು ಕಾಲಂಗಳನ್ನು ಸಾಲು ಸಾಲಾಗಿ ತಾಳೆ ನೋಡಿ. ನವೆಂಬರ್, ಡಿಸೆಂಬರ್‌ನಲ್ಲಿ ಕೊಟ್ಟ ಅರ್ಜಿಯಾದರೆ ಮುಂದಿನ ವರ್ಷದ ರಜೆಗಳೂ ಪಟ್ಟಿಯಲ್ಲಿರಬೇಕು.

ಬಂದ ಉತ್ತರವನ್ನು ತಿರುಗಿಸಿ ಪರೀಕ್ಷಿಸಲು ಇನ್ನೊಂದು ಸೂತ್ರವಿದೆ:

```
=NETWORKDAYS.INTL(B1,B3,11,E2:E100)
```

ಇದು ಎರಡು ತಾರೀಖುಗಳ ನಡುವಿನ ಕೆಲಸದ ದಿನಗಳನ್ನು ಎರಡೂ ತುದಿ ಸೇರಿಸಿ ಎಣಿಸುತ್ತದೆ. ಹಾಗಾಗಿ ನಮ್ಮ ಚೀಟಿಗೆ 15ರ ಬದಲು 16 ಎಂದು ಬರುತ್ತದೆ. ಅರ್ಜಿ ಕೊಟ್ಟ ದಿನವೂ ಕೆಲಸದ ದಿನವಾದ್ದರಿಂದ ಬಂದ ಆ ಒಂದನ್ನು ಕಳೆದರೆ ಲೆಕ್ಕ ಕೂಡುತ್ತದೆ.

ಕೊನೆಗೆ, ಆ ರೈತರು ಯಾವತ್ತು ಬಸ್ ಹತ್ತಬೇಕಿತ್ತು? 21ರ ಸಂಜೆಯವರೆಗೂ ಕಚೇರಿಗೆ ಅವಕಾಶವಿತ್ತು. ಮರುದಿನ 22 ಬಲಿಪಾಡ್ಯಮಿ, ಮತ್ತೆ ರಜೆ. B4ರಲ್ಲಿ ಈ ಸೂತ್ರ ಹಾಕಿದರೆ ಗಡುವು ಮುಗಿದ ಮೇಲಿನ ಮೊದಲ ಕೆಲಸದ ದಿನ ಸಿಗುತ್ತದೆ:

```
=WORKDAY.INTL(B3,1,11,E2:E100)
```

ಉತ್ತರ ಅಕ್ಟೋಬರ್ 23, ಗುರುವಾರ. ಅವರ ಚೀಟಿಯ ಹಿಂದೆ ನಾನು ಅಂದು ಬರೆದುಕೊಟ್ಟದ್ದು ಅದೇ ತಾರೀಖು.