ಶಿಫಾರಸಿನ ವ್ಯಾಪ್ತಿ ಕೆಡದಂತೆ ಟಿಪ್ಪಣಿ ಬರೆದ ಬಗೆ

ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆ, 2019ರ ಬಗ್ಗೆ ಜಂಟಿ ಸಂಸದೀಯ ಸಮಿತಿ ಕೊಟ್ಟ ವರದಿ 2021ರ ಡಿಸೆಂಬರ್ 16ರಂದು ಸಂಸತ್ತಿನಲ್ಲಿ ಮಂಡನೆಯಾಯಿತು. ಪಿ.ಪಿ. ಚೌಧರಿ ಸಮಿತಿಯ ಅಧ್ಯಕ್ಷರಾಗಿದ್ದರು. ವರದಿ ಐನೂರು ಪುಟ ದಾಟುತ್ತದೆ. ಅದರಲ್ಲಿ ಸಾಮಾಜಿಕ ಜಾಲತಾಣಗಳ ಬಗ್ಗೆ ಇರುವ ಭಾಗವನ್ನು ಬೆಂಗಳೂರಿನ ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಒಂದು ಪುಟದ ಟಿಪ್ಪಣಿ ಮಾಡಿ ಕೊಡುವ ಕೆಲಸ ನನ್ನದಾಗಿತ್ತು.

ಓದಲು ಕೂತಾಗಲೇ ಒಬ್ಬ ಸುದ್ದಿ ಸಂಪಾದಕರ ಫೋನ್ ಬಂತು. "ಫೇಸ್‌ಬುಕ್, ಟ್ವಿಟರ್ ಎಲ್ಲ ಇನ್ಮೇಲೆ ಪ್ರಕಾಶಕರು ಅಂತ ಸಮಿತಿ ಹೇಳಿದೆಯಾ ಮೇಡಂ? ಹೌದೋ ಅಲ್ಲವೋ ಅಷ್ಟು ಹೇಳಿ."

"ಹೌದು ಅಂದ್ರೂ ತಪ್ಪಾಗತ್ತೆ, ಇಲ್ಲ ಅಂದ್ರೂ ತಪ್ಪಾಗತ್ತೆ ಸರ್. ಸ್ವಲ್ಪ ಹೊತ್ತು ಕೊಡಿ" ಅಂದೆ.

ಸಮಿತಿ ವರದಿಗಳಲ್ಲಿ ಮೂರು ಬಗೆಯ ಮಾತುಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಸಮಿತಿಯ ಮುಂದೆ ಬೇರೆಯವರು ಹೇಳಿದ್ದು, ಸಮಿತಿಗೆ ಅನಿಸಿದ್ದು, ಸಮಿತಿ ಶಿಫಾರಸು ಮಾಡಿದ್ದು. ಟಿಪ್ಪಣಿಗೆ ಮುಖ್ಯವಾದದ್ದು ಮೂರನೆಯದು. ಅದಕ್ಕೇ ನಾನು ಮೊದಲು 'ಸಮಿತಿ ಶಿಫಾರಸು ಮಾಡುತ್ತದೆ' ಎಂಬ ಮಾತು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದೆ. ಜಾಲತಾಣಗಳ ಕುರಿತ ಪ್ಯಾರಾದಲ್ಲಿ ಅದಕ್ಕೂ ಮೊದಲು ಒಂದು ಅಭಿಪ್ರಾಯವಿದೆ. ಜಾಲತಾಣಗಳು ಮಾಹಿತಿ ಯಾರಿಗೆ ತಲುಪಬೇಕು ಎಂದು ಆರಿಸಬಲ್ಲವು, ತಮ್ಮಲ್ಲಿರುವುದನ್ನು ಯಾರು ನೋಡಬಹುದು ಎಂಬುದರ ಮೇಲೂ ಹಿಡಿತ ಇಟ್ಟುಕೊಂಡಿವೆ, ಆದ್ದರಿಂದ ಅವು ಹಲವು ಸಂದರ್ಭಗಳಲ್ಲಿ ಪ್ರಕಾಶಕರಂತೆ ಕೆಲಸ ಮಾಡುತ್ತಿರಬಹುದು ಎಂಬುದು ಸಮಿತಿಯ ಅನಿಸಿಕೆ. 'ಹಲವು ಸಂದರ್ಭಗಳಲ್ಲಿ' ಮತ್ತು 'ಇರಬಹುದು' ಎರಡನ್ನೂ ಗುರುತು ಹಾಕಿಕೊಂಡೆ.

ಆಮೇಲೆ ಶಿಫಾರಸು ಬರುತ್ತದೆ. ಬೇರೆಯವರ ಮಾಹಿತಿಯನ್ನು ಇಟ್ಟುಕೊಳ್ಳುವ ಅಥವಾ ಸಾಗಿಸುವ ಸೇವೆಯನ್ನು ಕಾನೂನು ಮಧ್ಯವರ್ತಿ ಎನ್ನುತ್ತದೆ. ಮಧ್ಯವರ್ತಿಗಳಾಗಿ ವರ್ತಿಸದ ಎಲ್ಲ ಸಾಮಾಜಿಕ ಜಾಲತಾಣಗಳನ್ನು ಪ್ರಕಾಶಕರೆಂದು ಪರಿಗಣಿಸಬೇಕು, ಅವು ಇಟ್ಟುಕೊಂಡಿರುವ ವಿಷಯಕ್ಕೆ ಅವನ್ನೇ ಹೊಣೆ ಮಾಡಬೇಕು ಎನ್ನುತ್ತದೆ ಅದು.

ಇಲ್ಲಿ 'ಎಲ್ಲ' ಎಂಬುದು ಎಲ್ಲ ಜಾಲತಾಣಗಳಿಗೂ ಅನ್ವಯಿಸುವುದಿಲ್ಲ. ಐಟಿ ಕಾಯ್ದೆಯ ಸೆಕ್ಷನ್ 79ರ ಪ್ರಕಾರ, ಬೇರೆಯವರು ಹಾಕಿದ ಮಾಹಿತಿಗೆ ಮಧ್ಯವರ್ತಿ ಹೊಣೆಯಲ್ಲ. ಆದರೆ ಅದಕ್ಕೆ ಷರತ್ತುಗಳಿವೆ. ಬರೀ ದಾರಿ ಒದಗಿಸುವುದಕ್ಕಷ್ಟೇ ನಿಲ್ಲದ ಸೇವೆಯಾದರೆ, ಅದು ತಾನಾಗಿ ಮಾಹಿತಿ ಕಳಿಸಬಾರದು, ಪಡೆಯುವವರನ್ನು ತಾನೇ ಆರಿಸಬಾರದು, ಮಾಹಿತಿಯನ್ನು ಆರಿಸಬಾರದು, ಬದಲಿಸಬಾರದು. ಕಾನೂನಿನ ಇತರ ಎಚ್ಚರಿಕೆಗಳನ್ನೂ ಪಾಲಿಸಬೇಕು. ಸಮಿತಿಯ ಅಭಿಪ್ರಾಯದಲ್ಲಿ ಬಂದ 'ಪಡೆಯುವವರನ್ನು ಆರಿಸುವುದು' ಈ ಸೆಕ್ಷನ್ನಿನ ಮಾತೇ. ಮಧ್ಯವರ್ತಿಯಾಗಿ ವರ್ತಿಸದವರು ಎಂಬ ಷರತ್ತನ್ನು ಬಿಟ್ಟುಬಿಟ್ಟರೆ, ಬರೀ ಸಂದೇಶ ಸಾಗಿಸುವ ಸೇವೆಯೂ ಶಿಫಾರಸಿನೊಳಗೆ ಬಂದುಬಿಡುತ್ತದೆ. ಸಮಿತಿ ಹಾಗೆ ಹೇಳಿಲ್ಲ.

ಇದರಲ್ಲೊಂದು ಸೂಕ್ಷ್ಮ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಈ ಷರತ್ತಿನ ಎರಡೂ ಕಡೆ ಅಲ್ಪವಿರಾಮವಿದೆ. ಅದನ್ನು ನೋಡಿ 'ಜಾಲತಾಣಗಳು ಯಾವುವೂ ಮಧ್ಯವರ್ತಿಗಳಲ್ಲ, ಆದ್ದರಿಂದ ಎಲ್ಲವೂ ಪ್ರಕಾಶಕರು' ಎಂದು ಓದಲು ಸಾಧ್ಯವಿದೆ. ನಾನು ಹಾಗೆ ಓದಲಿಲ್ಲ. ಮೊದಲು ಬಂದ 'ಹಲವು ಸಂದರ್ಭಗಳಲ್ಲಿ' ಎಂಬ ಮಾತು ಅದಕ್ಕೆ ಹೊಂದುವುದಿಲ್ಲ. ಅಲ್ಲದೆ ಮುಂದಿನ ಸಾಲಿನಲ್ಲಿ ಸಮಿತಿ ಅದೇ ಷರತ್ತನ್ನು ಮತ್ತೊಮ್ಮೆ ಬರೆದಿದೆ. ಎಲ್ಲರಿಗೂ ಅನ್ವಯಿಸುವುದಾದರೆ ಎರಡು ಸಲ ಬರೆಯುವ ಅಗತ್ಯ ಏನಿತ್ತು? ಷರತ್ತನ್ನು ಷರತ್ತಾಗಿಯೇ ಉಳಿಸಿಕೊಂಡೆ. ಯಾವ ಕಂಪನಿ ಆ ಗುಂಪಿಗೆ ಸೇರುತ್ತದೆ ಎಂದು ಈ ಶಿಫಾರಸು ಹೆಸರಿಸಿಲ್ಲ. ಹಾಗಾಗಿ ನಾನೂ ಯಾವ ಕಂಪನಿಯ ಹೆಸರನ್ನೂ ಬರೆಯಲಿಲ್ಲ.

ಖಾತೆ ಪರಿಶೀಲನೆಯ ಸಾಲುಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ಪರಿಶೀಲನೆಯಾಗದ ಖಾತೆಗಳ ವಿಷಯಕ್ಕೆ, ಮಧ್ಯವರ್ತಿಗಳಾಗಿ ವರ್ತಿಸದ ಜಾಲತಾಣಗಳನ್ನು ಹೊಣೆ ಮಾಡುವ ವ್ಯವಸ್ಥೆಯೊಂದನ್ನು ರೂಪಿಸಬಹುದು ಎನ್ನುತ್ತದೆ ಒಂದು ಸಾಲು. ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಕೊಟ್ಟ ಮೇಲೆ, ಸಾಮಾಜಿಕ ಜಾಲತಾಣ ಮಧ್ಯವರ್ತಿಗಳು ಖಾತೆಯನ್ನು ಕಡ್ಡಾಯವಾಗಿ ಪರಿಶೀಲಿಸಬೇಕು ಎನ್ನುತ್ತದೆ ಮುಂದಿನದು. ಮೊದಲನೆಯದರಲ್ಲಿ ಹೊಣೆ ಮಧ್ಯವರ್ತಿಯಲ್ಲದವರದು, ಎರಡನೆಯದರಲ್ಲಿ ಮಧ್ಯವರ್ತಿಗಳದು. ಒಂದು 'ಬಹುದು', ಇನ್ನೊಂದು 'ಕಡ್ಡಾಯ'. ಆ ಕಡ್ಡಾಯವೂ ಅರ್ಜಿ ಬಂದ ಮೇಲೆ ಮಾತ್ರ. ಬಳಕೆದಾರರೆಲ್ಲ ಪರಿಶೀಲನೆ ಮಾಡಿಸಿಕೊಳ್ಳಲೇಬೇಕು ಎಂದು ಈ ಸಾಲುಗಳು ಹೇಳುವುದಿಲ್ಲ. ಇವೆರಡನ್ನು ಸೇರಿಸಿ ಒಂದು ಸಾಲು ಮಾಡಿದರೆ ಪುಟದಲ್ಲಿ ಜಾಗ ಉಳಿಯುತ್ತದೆ ನಿಜ. ಆದರೆ 'ಎಲ್ಲ ಖಾತೆಗೂ ಪರಿಶೀಲನೆ ಕಡ್ಡಾಯ' ಎಂಬ ತಲೆಬರಹ ಹುಟ್ಟುವುದು ಅಲ್ಲಿಂದಲೇ. ಎರಡು ಸಾಲಾಗಿಯೇ ಇಟ್ಟೆ.

ಪ್ಯಾರಾದ ಕೊನೆಯ ಶಿಫಾರಸನ್ನು ಮೇಲೆ ತಂದೆ. ಪತ್ರಿಕಾ ಮಂಡಳಿಯ ಮಾದರಿಯಲ್ಲಿ ಶಾಸನಬದ್ಧ ಮಾಧ್ಯಮ ನಿಯಂತ್ರಣ ಪ್ರಾಧಿಕಾರವೊಂದನ್ನು ಸ್ಥಾಪಿಸಬಹುದು ಎಂಬುದು ಅದು. ವಿಷಯ ಆನ್‌ಲೈನ್, ಮುದ್ರಣ ಅಥವಾ ಬೇರೆ ಎಲ್ಲೇ ಪ್ರಕಟವಾದರೂ ಅದರ ವ್ಯಾಪ್ತಿಗೆ ಬರುತ್ತದೆ. ಅಂದರೆ ನನ್ನ ಟಿಪ್ಪಣಿ ಓದುವ ಸಂಪಾದಕರ ಪತ್ರಿಕೆಗೂ ಇದು ತಟ್ಟುವ ಮಾತು. 'ಸಾಮಾಜಿಕ ಜಾಲತಾಣ' ಎಂಬ ಶೀರ್ಷಿಕೆಯ ಕೆಳಗೆ ಇದೆ ಎಂಬ ಕಾರಣಕ್ಕೆ 'ಮುದ್ರಣ' ಎಂಬ ಪದವನ್ನು ಬಿಡಲು ನನಗೆ ಮನಸ್ಸೇ ಬರಲಿಲ್ಲ.

ಟಿಪ್ಪಣಿಯ ಮುಖ್ಯ ಭಾಗ ಕೊನೆಗೆ ಹೀಗಾಯಿತು:

"ಸಮಿತಿಯ ಶಿಫಾರಸು ಇದು, ಕಾನೂನಲ್ಲ. ಒಂದು: ಮುದ್ರಣವೂ ಸೇರಿ ಎಲ್ಲೇ ಪ್ರಕಟವಾದ ವಿಷಯದ ನಿಯಂತ್ರಣಕ್ಕೆ, ಪತ್ರಿಕಾ ಮಂಡಳಿಯ ಮಾದರಿಯಲ್ಲಿ ಶಾಸನಬದ್ಧ ಪ್ರಾಧಿಕಾರ ಸ್ಥಾಪಿಸಬಹುದು. ಎರಡು: ಜಾಲತಾಣಗಳ ಪೈಕಿ ಮಧ್ಯವರ್ತಿಗಳಾಗಿ ವರ್ತಿಸದವನ್ನು ಮಾತ್ರ ಪ್ರಕಾಶಕರೆಂದು ಪರಿಗಣಿಸಿ, ವಿಷಯಕ್ಕೆ ಹೊಣೆ ಮಾಡಬೇಕು. ಮೂರು: ಪರಿಶೀಲನೆಯಾಗದ ಖಾತೆಗಳ ವಿಷಯಕ್ಕೆ ಇದೇ ಗುಂಪನ್ನು ಹೊಣೆ ಮಾಡುವ ವ್ಯವಸ್ಥೆ ರೂಪಿಸಬಹುದು. ನಾಲ್ಕು: ದಾಖಲೆಗಳೊಂದಿಗೆ ಅರ್ಜಿ ಬಂದರೆ ಜಾಲತಾಣ ಮಧ್ಯವರ್ತಿಗಳು ಖಾತೆಯನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ಐದು: ತಂತ್ರಜ್ಞಾನ ನಿರ್ವಹಿಸುವ ಮಾತೃಸಂಸ್ಥೆ ಭಾರತದಲ್ಲಿ ಕಚೇರಿ ತೆರೆಯದಿದ್ದರೆ ಯಾವ ಜಾಲತಾಣಕ್ಕೂ ಇಲ್ಲಿ ಕೆಲಸ ಮಾಡಲು ಬಿಡಬಾರದು."

ಐದನೆಯದರಲ್ಲಿ ಮಧ್ಯವರ್ತಿಯ ಷರತ್ತು ಇಲ್ಲ ಎಂಬುದನ್ನು ಗಮನಿಸಿ. ಮೂಲದಲ್ಲೂ ಇಲ್ಲ. ಎರಡು ಮತ್ತು ಮೂರಕ್ಕೆ ಇರುವ ಷರತ್ತನ್ನು ಸುಮ್ನೆ ಇದಕ್ಕೂ ಅಂಟಿಸಿದರೆ ಶಿಫಾರಸನ್ನು ಕಿರಿದು ಮಾಡಿದಂತೆ. ಅದೂ ಹಿಗ್ಗಿಸಿದಷ್ಟೇ ದೊಡ್ಡ ತಪ್ಪು. ಬರೆದು ಮುಗಿಸಿದ ಮೇಲೆ ನಾನು ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿ ನೋಡುತ್ತೇನೆ. ಮೂಲದ ಪ್ರಕಾರ ಹೊರಗಿರುವ ಯಾರಾದರೂ ನನ್ನ ಸಾಲಿನೊಳಗೆ ಸಿಕ್ಕಿಬೀಳುತ್ತಾರಾ? ಒಳಗಿರುವ ಯಾರಾದರೂ ತಪ್ಪಿಸಿಕೊಳ್ಳುತ್ತಾರಾ? ಓದುವಾಗ ಸರಿ ಎನಿಸಿದ ಸಾಲು ಈ ಪ್ರಶ್ನೆಗೆ ನಿಲ್ಲದೇ ಇರುವುದುಂಟು. ಎರಡನೇ ಸಾಲಿನಲ್ಲಿ 'ಮಾತ್ರ' ಸೇರಿದ್ದು ಈ ಹಂತದಲ್ಲೇ. ಆ ಪದ ಮೂಲದಲ್ಲಿಲ್ಲ. ಷರತ್ತಿನ ಬಗ್ಗೆ ನನ್ನ ಓದು ಅದು ಎಂದು ಕೆಳಗೆ ಬರೆದು, ಇಂಗ್ಲಿಷ್ ವಾಕ್ಯವನ್ನು ಪೂರ್ತಿ ಕೊಟ್ಟೆ. ಉಪಸಂಪಾದಕರು ಬೇಕಿದ್ದರೆ ತಾವೇ ನೋಡಿಕೊಳ್ಳಲಿ.

ಸದಸ್ಯರ ಭಿನ್ನಮತದ ಟಿಪ್ಪಣಿಗಳೂ ವರದಿಯ ಜತೆಗಿವೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ, ಮಸೂದೆಯ ಕಲಂ 35ರ ಬಗ್ಗೆ ಅವುಗಳಲ್ಲಿ ಬಲವಾದ ಆಕ್ಷೇಪವಿದೆ. ಒಳ್ಳೆಯ ಸುದ್ದಿಯೇ. ಆದರೆ ಅದು ಸದಸ್ಯರ ಮಾತು, ಸಮಿತಿಯ ಮಾತಲ್ಲ. ಬೇರೆ ಹಾಳೆಯಲ್ಲಿ ಕಳಿಸಿದೆ.

ಸುದ್ದಿ ಸಂಪಾದಕರು ಓದಿ ಮತ್ತೆ ಫೋನ್ ಮಾಡಿದರು. "ತಲೆಬರಹಕ್ಕೆ ಷರತ್ತು ಹಿಡಿಸಲ್ಲ ಮೇಡಂ."

"ಹಾಗಾದ್ರೆ ಪ್ರಾಧಿಕಾರದ್ದು ತಲೆಬರಹ ಮಾಡಿ ಸರ್. ಪ್ರಕಾಶಕರ ಮಾತು ಮೊದಲ ಪ್ಯಾರಾದಲ್ಲಿ ಷರತ್ತಿನ ಸಮೇತ ಬರಲಿ" ಅಂದೆ. ಒಪ್ಪಿಕೊಂಡರು.

2022ರ ಆಗಸ್ಟ್ 3ರಂದು ಸರ್ಕಾರ ಆ ಮಸೂದೆಯನ್ನೇ ವಾಪಸ್ ಪಡೆಯಿತು. ಸಮಿತಿ 81 ತಿದ್ದುಪಡಿ ಮತ್ತು 12 ಶಿಫಾರಸುಗಳನ್ನು ಸೂಚಿಸಿದೆ ಎಂಬುದನ್ನು ಅದಕ್ಕೆ ಕಾರಣವಾಗಿ ಹೇಳಿತು. 2023ರಲ್ಲಿ ಬಂದ ಹೊಸ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಈ ಪ್ರಾಧಿಕಾರವೂ ಇಲ್ಲ, ಪ್ರಕಾಶಕರ ಹೊಣೆಯೂ ಇಲ್ಲ. ಹಳೆಯ ಟಿಪ್ಪಣಿಯ ಐದು ಸಾಲುಗಳನ್ನು ಮುಟ್ಟದೆ, ಮಸೂದೆ ವಾಪಸಾದ ದಿನಾಂಕವನ್ನು ಮೇಲೆ ಸೇರಿಸಿ ಸಂಪಾದಕರಿಗೆ ಮತ್ತೆ ಕಳಿಸಿದ್ದೇನೆ.