ವಾರ್ಡ್ ಬಿಡುವ ಮುಂಚೆ: ಬೆಡ್‌ಸೋರ್ ತಡೆದ ನನ್ನ ಅನುಭವ

ಪ್ರೀತಿಯ ಅಕ್ಕಂದಿರೇ, ಬ್ರದರ್‌ಗಳೇ,

ಮುಂದಿನ ವಾರ ಎಂ.ಎಸ್ಸಿ. ನರ್ಸಿಂಗ್‌ಗೆ ಸೇರುತ್ತಿದ್ದೇನೆ. ಎರಡು ವರ್ಷ ನಿಮ್ಮ ಜೊತೆ ಡ್ಯೂಟಿ ಇರುವುದಿಲ್ಲ. ಬೇಜಾರಿದೆ, ಅದನ್ನು ಎದುರಿಗೆ ಹೇಳಿಕೊಳ್ಳುತ್ತೇನೆ. ಇಲ್ಲಿ ಬೆಡ್‌ಸೋರ್ ವಿಷಯ ಬರೆದಿಡುತ್ತೇನೆ. 'ಇಬ್ಬರು ಸಿಸ್ಟರ್, ಮೂವತ್ತು ಬೆಡ್, ಇದೆಲ್ಲ ಆಗೋ ಮಾತಲ್ಲ' ಅಂದವರು ನಮ್ಮಲ್ಲೇ ಜಾಸ್ತಿ ಇದ್ದರು, ಅಲ್ವಾ? ಆಯಿತು. ಕಳೆದ ಏಳೆಂಟು ತಿಂಗಳಲ್ಲಿ ನಮ್ಮ ವಾರ್ಡಿನಲ್ಲೇ ಶುರುವಾದ ಆಳವಾದ ಹುಣ್ಣು ನನಗೆ ನೆನಪಿರುವಂತೆ ಒಂದೋ ಎರಡೋ.

ಮೊದಲು ಕೈಕೊಟ್ಟಿದ್ದು ಏರ್ ಬೆಡ್. ಒಂದಕ್ಕೆ ಮೂರು ಸಾವಿರದ ಹತ್ತಿರ ಖರ್ಚಾಗಿತ್ತು. ರಾತ್ರಿ ಮೊಬೈಲ್ ಚಾರ್ಜ್ ಮಾಡಲು ಯಾರೋ ಪಂಪಿನ ಪ್ಲಗ್ ಕಿತ್ತಿರುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಏರ್ ಬೆಡ್ ಇದೆಯಲ್ಲ ಅಂತ ಪೇಷೆಂಟನ್ನು ತಿರುಗಿಸುವುದೇ ನಿಂತುಹೋಯಿತು. ಆಮೇಲೆ ಎರಡು ಗಂಟೆಗೊಮ್ಮೆ ತಿರುಗಿಸುವ ಚಾರ್ಟ್ ಹಾಕಿದೆವು. ಹ್ಯಾಂಡೋವರ್ ಹೊತ್ತಿಗೆ ಎಲ್ಲ ಸಹಿಯೂ ಒಂದೇ ಪೆನ್ನಿನಲ್ಲಿ ಒಟ್ಟಿಗೆ ಬೀಳುತ್ತಿತ್ತು.

ಚಾರ್ಟ್ ಕೆಲಸ ಮಾಡಲು ಶುರುವಾಗಿದ್ದು ಅದನ್ನು ರೈಲ್ಸ್ ಟ್ಯೂಬ್ ಫೀಡಿಗೆ ಜೋಡಿಸಿದ ಮೇಲೆ. ಫೀಡ್‌ಗೆ ಅಂತ ಬೆಡ್ ಹತ್ತಿರ ಹೇಗೂ ಹೋಗುತ್ತೇವೆ. ಮೊದಲು ತಿರುಗಿಸುವುದು, ಆಮೇಲೆ ತಲೆ ಕಡೆ ಮೂವತ್ತು ಡಿಗ್ರಿ ಏರಿಸಿ ಫೀಡ್ ಕೊಡುವುದು. ಈ ಕ್ರಮ ಉಲ್ಟಾ ಆಗಬಾರದು. ಹೊಟ್ಟೆ ತುಂಬಿದ ಮೇಲೆ ತಿರುಗಿಸಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಭಯ. ತಲೆಯನ್ನು ಇನ್ನೂ ಜಾಸ್ತಿ ಏರಿಸಿದರೆ ಪೇಷೆಂಟ್ ಕೆಳಗೆ ಜಾರುತ್ತಾರೆ, ಸೊಂಟದ ಕೆಳಗಿನ ಚರ್ಮ ಎಳೆದು ಹರಿಯುತ್ತದೆ. ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಹಿಡಿದು ಎಳೆಯಬೇಡಿ, ಡ್ರಾ ಶೀಟ್ ಹಿಡಿದು ಇಬ್ಬರು ಎತ್ತಿ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಹೊಸ ಹುಣ್ಣು ಬರುತ್ತಿತ್ತು. ಅದಕ್ಕೆ ಬೆನ್ನ ಹಿಂದೆ ಓರೆಯಾಗಿ ಕೊಡಲು ಹಾಸಿಗೆ ಅಂಗಡಿಯಲ್ಲಿ ಗಟ್ಟಿ ಫೋಮನ್ನು ತ್ರಿಕೋನಾಕಾರದಲ್ಲಿ ಕಟ್ ಮಾಡಿಸಿದೆ. ತಳ ಹನ್ನೆರಡು ಇಂಚು, ಎತ್ತರ ಏಳು ಇಂಚು. ಇಷ್ಟಿದ್ದರೆ ಓರೆ ಸರಿಯಾಗಿ ಮೂವತ್ತು ಡಿಗ್ರಿ ಬರುತ್ತದೆ. ರೆಕ್ಸಿನ್ ಕವರ್ ಹೊಲಿಸಿದ್ದೂ ಸೇರಿ ನಾಲ್ಕಕ್ಕೆ ಸಾವಿರದ ಇನ್ನೂರು ಚಿಲ್ಲರೆ ಆಗಿತ್ತು, ನನ್ನ ಕೈಯಿಂದಲೇ ಕೊಟ್ಟೆ. ಅರ್ಧ ಏರ್ ಬೆಡ್ ದುಡ್ಡಿಗಿಂತ ಕಡಿಮೆ!

ಗ್ಲೌಸಿಗೆ ನೀರು ತುಂಬಿ ಹಿಮ್ಮಡಿ ಕೆಳಗೆ ಇಡುವುದನ್ನೂ ನೋಡಿದೆ. ಪ್ರಯೋಜನವಿಲ್ಲ. ಒತ್ತಡ ಹಾಗೇ ಇರುತ್ತದೆ, ಸಾಲದ್ದಕ್ಕೆ ನೀರೂ ಸೋರುತ್ತದೆ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡುವುದೇ ಸರಿ.

ಪಾರ್ಶ್ವವಾಯು ಆಗಿ ಬಂದ ಆ ಅಜ್ಜ ನೆನಪಿದ್ದಾರಾ? ಬಂದ ದಿನ ಬೆನ್ನಿನ ಕೆಳಗೆ ಏನೂ ಇಲ್ಲ ಅಂತ ಕೇಸ್ ಶೀಟಿನಲ್ಲಿ ಬರೆದಿತ್ತು. ಕಪ್ಪು ಚರ್ಮದಲ್ಲಿ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಮುಟ್ಟಿ ನೋಡಿದರೆ ಅಂಗೈ ಅಗಲ ಬಿಸಿ, ಪಕ್ಕದ ಚರ್ಮಕ್ಕಿಂತ ಗಟ್ಟಿ. ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗಲಿಲ್ಲ. ಸ್ಪಿರಿಟ್ ಹಾಕಿ ಉಜ್ಜೋಣ ಅಂದರು, ನಾವೆಲ್ಲ ಕಲಿತದ್ದು ಅದೇ ತಾನೇ. ನಾನು ಬಿಡಲಿಲ್ಲ. ಆ ಹಂತದಲ್ಲಿ ಉಜ್ಜಿದರೆ ಒಳಗೆ ಹಾಳಾದ ಮಾಂಸ ಇನ್ನೂ ಹಾಳಾಗುತ್ತದೆ, ಸ್ಪಿರಿಟ್ ಚರ್ಮ ಒಣಗಿಸುತ್ತದೆ. ಬೆನ್ನಿನ ಮೇಲೆ ಮಲಗಿಸುವುದನ್ನೇ ನಿಲ್ಲಿಸಿ ಎಡ, ಬಲ ಮಾತ್ರ ಇಟ್ಟೆವು. ಒದ್ದೆ ಆದ ತಕ್ಷಣ ಒರೆಸಿ ವ್ಯಾಸಲೀನ್ ಹಚ್ಚಿದೆವು. ನಾಲ್ಕೈದು ದಿನಕ್ಕೆ ಬಿಸಿ ಇಳಿಯಿತು, ಚರ್ಮ ಒಡೆಯಲಿಲ್ಲ.

ಆದರೆ ಅವರ ಸೊಸೆ ಮೊದಲೆರಡು ದಿನ, ಮಾವನಿಗೆ ಕಷ್ಟ ಆಗುತ್ತದೆ ಅಂತ ಫೋಮ್ ತೆಗೆದು ಮತ್ತೆ ನೇರ ಮಲಗಿಸುತ್ತಿದ್ದರು. ಬೈದರೆ ಕೇಳುವವರಲ್ಲ. ಅವರನ್ನೇ ಬೆಂಚಿನ ಮೇಲೆ ಅಲುಗಾಡದೆ ಹತ್ತು ನಿಮಿಷ ಮಲಗಿ ಅಂದೆ. ಎದ್ದವರು ತಾವೇ ಗಡಿಯಾರ ನೋಡತೊಡಗಿದರು. ರಾತ್ರಿ ಎರಡು ಗಂಟೆಗೆ ಮನೆಯವರನ್ನು ಬೇಜಾರಾಗದಂತೆ ಎಬ್ಬಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ನೈಟ್ ಮಾಡಿದವರಿಗೆ ಗೊತ್ತಿದೆ, ಅವರನ್ನು ಕೇಳಿ.

ಇದಕ್ಕೆ ಮಿತಿಯೂ ಇದೆ. ಬಿಪಿ ತೀರಾ ಬಿದ್ದವರನ್ನು ಡಾಕ್ಟರನ್ನು ಕೇಳದೆ ತಿರುಗಿಸಬೇಡಿ. ಊಟ ಸೇರದೆ ಸೊರಗಿದವರಿಗೆ ಎರಡು ಗಂಟೆಯೂ ಜಾಸ್ತಿ ಆಗಬಹುದು. ತಿರುಗಿಸುವಾಗಲೆಲ್ಲ ಚರ್ಮ ನೋಡಿ, ಅದರ ಮೇಲೆ ಹೊತ್ತು ಕಡಿಮೆ ಮಾಡಿ.

ನಾಲ್ಕು ಫೋಮ್‌ಗಳೂ ಲಿನನ್ ಬೀರುವಿನಲ್ಲಿವೆ. ಭಾರ ಬಿದ್ದಾಗ ಕೆಳಗೆ ಕೈ ಹಾಕಿ ನೋಡಿ. ಮೈ ಕೈಗೆ ತಾಗುವಷ್ಟು ಫೋಮ್ ಕುಸಿದಿದ್ದರೆ ಹೊಸದು ಮಾಡಿಸಿ. ರೆಕ್ಸಿನ್ ಮೇಲೆ ಬಟ್ಟೆ ಹಾಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೆವರುತ್ತದೆ. ಹಳೆಯ ಚಾರ್ಟ್‌ಗಳನ್ನು ರದ್ದಿಗೆ ಹಾಕಬೇಡಿ. ನನ್ನ ಪ್ರಬಂಧಕ್ಕೆ ಇದೇ ವಿಷಯ ತೆಗೆದುಕೊಳ್ಳುವ ಆಸೆ ಇದೆ. ಆಸ್ಪತ್ರೆಯ ಒಪ್ಪಿಗೆ, ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದ ಮೇಲೆ ಬಂದು ಕೇಳುತ್ತೇನೆ.

ನಿಮ್ಮ ಸಿಸ್ಟರ್